ಹಾಲಿನ ಪ್ಯಾಕೆಟ್ಟಿನ ಶೇಕಡಾ: ಗ್ರಾಂ ಲೆಕ್ಕ ಹೀಗೆ ಹಾಕಿ

ಡೊಂಬಿವಲಿ, ಠಾಣೆ ಕಡೆಯ ನಮ್ಮವರು ಕೆಲವರು ಕೇಳುತ್ತಿದ್ದರು, ಟೋನ್ಡ್ ಹಾಲು ತಗೊಂಡರೆ ಕೊಬ್ಬು ನಿಜವಾಗಿ ಎಷ್ಟು ಕಡಿಮೆ ಆಗುತ್ತೆ ಅಂತ. ಲೆಕ್ಕ ಸುಲಭ.

ಪ್ಯಾಕೆಟ್ ಮೇಲಿನ ಶೇಕಡಾ ತೂಕದ ಲೆಕ್ಕ, ಆದರೆ ಹಾಲು ಮಾರುವುದು ಮಿಲಿಲೀಟರಿನಲ್ಲಿ. ಹಾಲು ನೀರಿಗಿಂತ ಸ್ವಲ್ಪ ಭಾರ. ಅರ್ಧ ಲೀಟರ್ ಸುಮಾರು 515 ಗ್ರಾಂ ತೂಗುತ್ತದೆ. ಫುಲ್ ಕ್ರೀಮ್ ಅಂದರೆ ಕನಿಷ್ಠ 6% ಕೊಬ್ಬು, ಹಾಗಾಗಿ ಒಂದು ಪ್ಯಾಕೆಟ್ಟಿನಲ್ಲಿ ಸುಮಾರು 31 ಗ್ರಾಂ. ಟೋನ್ಡ್ 3%, ಅಂದರೆ ಹದಿನೈದೂವರೆ ಗ್ರಾಂ. ಟೋನ್ಡ್ ಅಂತ ಧೈರ್ಯವಾಗಿ ಎರಡು ಪ್ಯಾಕೆಟ್ ಮುಗಿಸಿದರೆ ಫುಲ್ ಕ್ರೀಮ್ ಒಂದು ಪ್ಯಾಕೆಟ್ಟಿನಷ್ಟೇ ಕೊಬ್ಬು ಹೊಟ್ಟೆಗೆ ಹೋಯಿತು ಅಲ್ವಾ? ಡಾಕ್ಟರು ಕೊಬ್ಬು ಕಡಿಮೆ ಮಾಡಿ ಅಂದವರು ಇದನ್ನು ದಯವಿಟ್ಟು ಗಮನಿಸಿ. ಹಿಂಬದಿಯ ಪೋಷಕಾಂಶದ ಪಟ್ಟಿ ಸಾಮಾನ್ಯವಾಗಿ 100 ಮಿಲಿಗೆ ಇರುತ್ತದೆ, ಅರ್ಧ ಲೀಟರಿಗೆ ಅದನ್ನು ಐದರಿಂದ ಗುಣಿಸಿ.

ಕೆನೆ ಕೂಡಿಟ್ಟು ತುಪ್ಪ ಕಾಯಿಸುವವರಿಗೂ ಇದೇ ಲೆಕ್ಕ. ತುಪ್ಪ ಹೆಚ್ಚುಕಡಿಮೆ ಪೂರ್ತಿ ಕೊಬ್ಬೇ. ಒಂದು ಲೀಟರ್ ಫುಲ್ ಕ್ರೀಮಿನಲ್ಲಿ ಇರುವುದೇ 62 ಗ್ರಾಂ ಕೊಬ್ಬು, ಅದಕ್ಕಿಂತ ಜಾಸ್ತಿ ತುಪ್ಪ ಬರಲು ಸಾಧ್ಯವಿಲ್ಲ. ಕೆನೆ ತೆಗೆದ ಮೇಲೂ ಹಾಲಿನಲ್ಲಿ ಕೊಬ್ಬು ಉಳಿಯುವುದರಿಂದ ಕೈಗೆ ಸಿಗುವುದು ಇನ್ನೂ ಕಡಿಮೆ. ಪ್ಯಾಕೆಟ್ ಮೇಲೆ ‘ಹೋಮೊಜಿನೈಸ್ಡ್’ ಅಂತ ಇದ್ದರಂತೂ ಕೊಬ್ಬಿನ ಹನಿಗಳನ್ನು ಒಡೆದು ಸಣ್ಣ ಮಾಡಿರುತ್ತಾರೆ. ಅವು ಮೇಲೆ ತೇಲುವುದಿಲ್ಲ, ಕಾಯಿಸಿದರೂ ತೆಳ್ಳನೆ ಪದರ ಅಷ್ಟೇ. ಅದಕ್ಕೆ ಹಾಲು ಕಲಬೆರಕೆ ಅಂತ ಡೇರಿಯವನನ್ನು ಬೈಯಬೇಡಿ. ತುಪ್ಪಕ್ಕಾಗಿ ಕೊಳ್ಳುವುದಾದರೆ ಆ ಪದ ಇಲ್ಲದ ಪ್ಯಾಕೆಟ್ ನೋಡಿ ತನ್ನಿ.