ಮೂರನೇ ವೆಕ್ಟರ್‌ನಲ್ಲಿ ಎಡವದೆ ಆರ್ಥೋನಾರ್ಮಲ್ ಬೇಸಿಸ್ ಕಟ್ಟುವುದು ಹೇಗೆ?

ಗ್ರಾಮ್-ಶ್ಮಿಟ್ ವಿಧಾನದ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ನಾನು ಮೊದಲೆರಡು ವೆಕ್ಟರ್‌ಗಳ ಕಡೆ ಕಣ್ಣು ಹಾಯಿಸಿ ಮುಂದೆ ಹೋಗುತ್ತೇನೆ. ಅಲ್ಲಿ ಯಾರೂ ಜಾಸ್ತಿ ತಪ್ಪುವುದಿಲ್ಲ. ಕೆಂಪು ಪೆನ್ನಿಗೆ ಕೆಲಸ ಬರುವುದು ಮೂರನೆಯದರಲ್ಲಿ.

ಲೆಕ್ಕ ಇದು. ಒಂದಕ್ಕೊಂದು ಅವಲಂಬಿಸದ ಮೂರು ವೆಕ್ಟರ್‌ಗಳಿವೆ:

v1 = (1, 2, 2)
v2 = (3, 3, 0)
v3 = (1, −1, 5)

ಇವುಗಳಿಂದ ಪರಸ್ಪರ ಲಂಬವಾಗಿರುವ, ಉದ್ದ 1 ಇರುವ ಮೂರು ವೆಕ್ಟರ್‌ಗಳು ಬೇಕು.

ಹಂತ 1. ಮೊದಲನೆಯದನ್ನು ಹಾಗೇ ಇಟ್ಟುಕೊಳ್ಳಿ. u1 = (1, 2, 2).

ಹಲವು ಗೈಡುಗಳು ಇಲ್ಲೇ ಉದ್ದದಿಂದ ಭಾಗಿಸಿಬಿಡಿ ಎನ್ನುತ್ತವೆ. ಬೇಡ. ಕೈಯಲ್ಲಿ ಲೆಕ್ಕ ಮಾಡುವವರು ಭಾಗಾಕಾರವನ್ನು ಕೊನೆಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಾಲಿನಲ್ಲೂ ವರ್ಗಮೂಲ ಹೊತ್ತುಕೊಂಡು ತಿರುಗಬೇಕಾಗುತ್ತದೆ. ಕ್ಯಾಲ್ಕುಲೇಟರ್ ಒತ್ತಿ 0.333 ಎಂದು ಬರೆದುಕೊಳ್ಳುವುದಂತೂ ಬೇಡವೇ ಬೇಡ. ಕೊನೆಯಲ್ಲಿ ಡಾಟ್ ಪ್ರಾಡಕ್ಟ್ ಸೊನ್ನೆ ಬರುವ ಬದಲು 0.002 ಬಂದರೆ, ಅದು ನಿಮ್ಮ ತಪ್ಪೋ ದಶಮಾಂಶದ್ದೋ ಗೊತ್ತಾಗುವುದಿಲ್ಲ.

ಹಂತ 2. v2 ನೊಳಗೆ u1 ದಿಕ್ಕಿನಲ್ಲಿರುವ ಭಾಗವನ್ನು ಕಳೆಯಿರಿ. ಆ ಭಾಗವೇ ಪ್ರೊಜೆಕ್ಷನ್. v2·u1 = 9, u1·u1 = 9. ಭಾಗಿಸಿದರೆ 1. ಹಾಗಾಗಿ

u2 = (3, 3, 0) − 1·(1, 2, 2) = (2, 1, −2)

ಪರೀಕ್ಷೆ: u1·u2 = 2 + 2 − 4 = 0. ಸರಿ.

ಹಂತ 3. ಇಲ್ಲಿ ನಿಧಾನ. v3 ನಿಂದ ಎರಡು ಪ್ರೊಜೆಕ್ಷನ್ ಕಳೆಯಬೇಕು. ಒಂದು u1 ಮೇಲಿನದು, ಇನ್ನೊಂದು u2 ಮೇಲಿನದು. v2 ಮೇಲಿನದಲ್ಲ!

ಈ ಲೆಕ್ಕವನ್ನು ನಾನು ಬೇಕೆಂದೇ ಆರಿಸಿಕೊಂಡೆ. v3 ಮತ್ತು v2 ಗಳ ಡಾಟ್ ಪ್ರಾಡಕ್ಟ್ ನೋಡಿ: 3 − 3 + 0 = 0. ಅವೆರಡೂ ಆಗಲೇ ಲಂಬ. ಇದನ್ನು ನೋಡಿದ ಜಾಣ ವಿದ್ಯಾರ್ಥಿ 'ಹಾಗಾದರೆ ಎರಡನೇ ಕಳೆಯುವಿಕೆ ಬೇಕಾಗಿಲ್ಲ ಅಲ್ವಾ' ಎಂದುಕೊಂಡು, u1 ಭಾಗವನ್ನಷ್ಟೇ ತೆಗೆಯುತ್ತಾನೆ. v3·u1 = 1 − 2 + 10 = 9, ಅಂದರೆ ಗುಣಕ 1:

(1, −1, 5) − (1, 2, 2) = (0, −3, 3)

ಇದು u1 ಗೆ ಲಂಬ. ಆದರೆ v2 ಜೊತೆ ಡಾಟ್ ಮಾಡಿದರೆ −9! ಮೊದಲು ಇದ್ದ ಲಂಬ ಈಗ ಹೋಯಿತು. ಏಕೆಂದರೆ v2 ನೊಳಗೂ u1 ಭಾಗ ಸೇರಿಕೊಂಡಿದೆ. v3 ನಿಂದ u1 ಕಳೆದಾಗ v2 ಜೊತೆಗಿನ ಸಂಬಂಧವೂ ಕದಲುತ್ತದೆ. u2 ನಲ್ಲಿ ಆ ತೊಂದರೆ ಇಲ್ಲ. ಅದು u1 ಗೆ ಲಂಬವಾದ್ದರಿಂದ ಒಂದರ ಕಡೆ ಕಳೆದದ್ದು ಇನ್ನೊಂದರ ಲೆಕ್ಕವನ್ನು ಕೆಡಿಸುವುದಿಲ್ಲ.

ಸರಿಯಾಗಿ ಮುಂದುವರಿಸೋಣ. v3·u2 = 2 − 1 − 10 = −9, u2·u2 = 9, ಗುಣಕ −1. ಋಣ ಗುಣಕವನ್ನು ಕಳೆಯುವುದೆಂದರೆ ಕೂಡುವುದು. ಎಷ್ಟೋ ಮಂದಿ ಇಲ್ಲೂ ಜಾರುತ್ತಾರೆ. ಆವರಣ ಹಾಕಿಯೇ ಬರೆಯಿರಿ:

u3 = (0, −3, 3) − (−1)(2, 1, −2) = (2, −2, 1)

u1 ಜೊತೆ: 2 − 4 + 2 = 0. u2 ಜೊತೆ: 4 − 2 − 2 = 0. ಎರಡನ್ನೂ ನೋಡಲೇಬೇಕು, ಒಂದನ್ನು ನೋಡಿ ಬಿಡಬಾರದು. (0, −3, 3) ಕೂಡ u1 ಪರೀಕ್ಷೆಯಲ್ಲಿ ಪಾಸಾಗಿತ್ತು.

ಹಂತ 4. ಈಗ ಉದ್ದದಿಂದ ಭಾಗಿಸಿ. ಇಲ್ಲಿ ಮೂರರ ಉದ್ದವೂ 3. ಉತ್ತರ: (1, 2, 2)/3, (2, 1, −2)/3, (2, −2, 1)/3. ಎಲ್ಲ ಲೆಕ್ಕವೂ ಇಷ್ಟು ಸಲೀಸಾಗಿ ಬರುವುದಿಲ್ಲ, ಸಾಮಾನ್ಯವಾಗಿ √6, √14 ತರಹದವು ಉಳಿಯುತ್ತವೆ. ಇರಲಿ ಬಿಡಿ.

ನಡುವೆ (0, 0, 0) ಬಂದರೆ? ಮೊದಲು ಕೂಡು-ಕಳೆ ಮತ್ತೊಮ್ಮೆ ನೋಡಿ. ಅದು ಸರಿಯಿದ್ದರೆ ಕೊಟ್ಟ ವೆಕ್ಟರ್‌ಗಳೇ ಅವಲಂಬಿತ. v3 ಬದಲು v1 + v2 ಆದ (4, 5, 2) ಕೊಟ್ಟಿದ್ದರೆ ಗುಣಕಗಳು 2 ಮತ್ತು 1 ಬರುತ್ತವೆ, ಕಳೆದಾಗ ಏನೂ ಉಳಿಯುವುದಿಲ್ಲ. ಅದನ್ನು ಬಿಟ್ಟು ಮುಂದಿನ ವೆಕ್ಟರ್‌ಗೆ ಹೋಗಿ.

ಪಕ್ಕದವರ ಉತ್ತರ ನಿಮ್ಮದಕ್ಕಿಂತ ಬೇರೆ ಇದ್ದರೆ ಅವರು ಯಾವ ವೆಕ್ಟರ್‌ನಿಂದ ಶುರು ಮಾಡಿದರು ಎಂದು ಕೇಳಿ. ಕ್ರಮ ಬದಲಾದರೆ ಬೇಸಿಸ್ ಕೂಡ ಬದಲಾಗಬಹುದು. ಕಂಪ್ಯೂಟರ್‌ನಲ್ಲಿ ತಾಳೆ ನೋಡುವವರಿಗೆ ಇನ್ನೊಂದು ಮಾತು. ವೆಕ್ಟರ್‌ಗಳನ್ನು ಕಾಲಮ್‌ಗಳಾಗಿ ಇಟ್ಟು `numpy.linalg.qr` ಓಡಿಸಿದರೆ ಕೆಲವು ಕಾಲಮ್‌ಗಳ ಚಿಹ್ನೆ ಪೂರ್ತಿ ತಿರುಗಿ ಬರಬಹುದು. ಅದು ಬೇರೆ ವಿಧಾನ ಬಳಸುತ್ತದೆ. ಕಾಲಮ್ ಇಡಿಯಾಗಿ ತಿರುಗಿದ್ದರೆ ನಿಮ್ಮ ಲೆಕ್ಕವೂ ಸರಿ. ಒಂದೇ ಒಂದು ಅಂಕಿಯ ಚಿಹ್ನೆ ಮಾತ್ರ ಬೇರೆಯಿದ್ದರೆ ಹಂತ 3ರ ಆವರಣಕ್ಕೆ ವಾಪಸ್ ಹೋಗಿ.