ಪೈಪಿಗೆ ಯಾವ ಹ್ಯಾಕ್ಸಾ ಬ್ಲೇಡ್? ಹಲ್ಲು ಎಣಿಸಿ ಕೊಳ್ಳಿ

ಡೊಂಬಿವಲಿ, ಮುಲುಂಡ್ ಕಡೆಯ ಹಳೆ ಸೊಸೈಟಿಗಳಲ್ಲಿ ಅರ್ಧ ಇಂಚಿನ ಜಿಐ ಪೈಪ್ ತುಕ್ಕು ಹಿಡಿದು ಸೋರುವುದು ಮಾಮೂಲು. ಒಂದು ತುಂಡು ಕತ್ತರಿಸಿ ತೆಗೆದರೆ ಸಾಕು, ಆದರೆ ಅಷ್ಟರಲ್ಲೇ ಎರಡು ಬ್ಲೇಡ್ ಮುರಿದುಕೊಳ್ಳುವವರನ್ನು ನೋಡುತ್ತಲೇ ಇರುತ್ತೇನೆ. ಕೈಯಲ್ಲಿ ತಪ್ಪಿಲ್ಲ. ಬ್ಲೇಡ್ ಆರಿಸಿದ್ದರಲ್ಲೇ ತಪ್ಪಿರುತ್ತದೆ.

ಮೊದಲು ಅಂಗಡಿ. ನಾಗದೇವಿ ಸ್ಟ್ರೀಟಿನಲ್ಲಾಗಲಿ, ನಿಮ್ಮ ಗಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ, ಸುಮ್ನೆ "ಬ್ಲೇಡ್ ಕೊಡಿ" ಎನ್ನಬೇಡಿ. ಒಂದು ಇಂಚಿನಲ್ಲಿ ಎಷ್ಟು ಹಲ್ಲು ಎನ್ನುವುದನ್ನು ಹೇಳಿ ಕೇಳಿ. ಕೈ ಹ್ಯಾಕ್ಸಾಗೆ 14, 18, 24, 32 ಹಲ್ಲಿನವು ಬರುತ್ತವೆ. ಬ್ಲೇಡಿನ ಮೇಲೆ ಬರೆದಿಲ್ಲದಿದ್ದರೆ ಸ್ಕೇಲ್ ಇಟ್ಟು ಎಣಿಸಿ. ಬಣ್ಣ ಮಾತ್ರ ಬಳಿದು ಯಾವ ಗುರುತೂ ಇಲ್ಲದ ಅಗ್ಗದ ಬ್ಲೇಡನ್ನು ನಾನು ಕೊಳ್ಳುವುದೇ ಇಲ್ಲ.

ಆರಿಸುವ ನಿಯಮ ಒಂದೇ: ಯಾವ ಹೊತ್ತಿನಲ್ಲೂ ಕಡಿಮೆ ಎಂದರೆ ಮೂರು ಹಲ್ಲು ಲೋಹದ ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಲೋಹದ ಅಂಚು ಎರಡು ಹಲ್ಲಿನ ನಡುವೆ ಸಿಕ್ಕಿಕೊಳ್ಳುತ್ತದೆ. ಟಕ್ ಎಂದು ಹಲ್ಲು ಹಾರುತ್ತದೆ, ಆಮೇಲೆ ಅದರ ಹಿಂದಿನ ಹಲ್ಲುಗಳೂ ಹೋಗುತ್ತವೆ.

ಪೈಪಿನಲ್ಲಿ ಜನ ಎಡವುವುದು ಇಲ್ಲೇ. ಪೈಪ್ ದಪ್ಪ ಕಾಣುತ್ತದೆ, ಆದರೆ ಒಳಗೆ ಪೊಳ್ಳು ಅಲ್ವಾ? ಬ್ಲೇಡಿಗೆ ಲೆಕ್ಕ ಗೋಡೆಯ ದಪ್ಪ ಮಾತ್ರ. ಅರ್ಧ ಇಂಚಿನ ಮೀಡಿಯಂ ಜಿಐ ಪೈಪಿನ ಗೋಡೆ ಸುಮಾರು 2.6 ಮಿ.ಮೀ. 18 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ 1.4 ಮಿ.ಮೀ. ಅಂತರ, ಅಂದರೆ ಆ ಗೋಡೆಯ ಮೇಲೆ ಎರಡು ಹಲ್ಲೂ ಸರಿಯಾಗಿ ಕೂರುವುದಿಲ್ಲ. 24ರಲ್ಲಿ ಎರಡೂವರೆ, 32ರಲ್ಲಿ ಮೂರು ದಾಟುತ್ತದೆ. ವೈಸಿಗೆ ಹಿಡಿದು ತಿರುಗಿಸಬಹುದಾದ ಪೈಪಾದರೆ 24 ಸಾಕು. ಗೋಡೆಗೆ ಕೂತ ಪೈಪಾದರೆ 32 ತನ್ನಿ, ನಿಧಾನವಾದರೂ ಪರವಾಗಿಲ್ಲ.

ತಿರುಗಿಸುವುದು ಯಾಕೆ ಎಂದು ಕೇಳುತ್ತೀರಾ? ಕೊಯ್ಯಲು ಶುರು ಮಾಡಿದಾಗ ಪೈಪಿನ ನೆತ್ತಿಯಲ್ಲಿ ಲೋಹ ಅಗಲವಾಗಿ ಸಿಗುತ್ತದೆ, ಬ್ಲೇಡ್ ಹಾಯಾಗಿ ಓಡುತ್ತದೆ. ಒಳಗಿನ ಟೊಳ್ಳು ತೆರೆದುಕೊಂಡ ಕ್ಷಣ ಆಚೆಗೊಂದು, ಈಚೆಗೊಂದು ಗೋಡೆ ಉಳಿಯುತ್ತವೆ. ಕೆಳಗಿಳಿದಂತೆ ಅವು ಬ್ಲೇಡಿಗೆ ಕಿರಿದಾಗುತ್ತಾ ಹೋಗುತ್ತವೆ. ಮುಂದಕ್ಕೆ ತಳ್ಳಿದಾಗ ಹಲ್ಲು ಹೋಗಿ ಆಚೆ ಗೋಡೆಯ ಒಳ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಕಿರ್ ಎನ್ನುವ ಸದ್ದು ಕಟಕಟ ಎಂದು ಬದಲಾದರೆ ಅದೇ ಸೂಚನೆ, ತಕ್ಷಣ ನಿಲ್ಲಿಸಿ. ವೈಸ್ ಸಡಿಲಿಸಿ, ಪೈಪನ್ನು ನಿಮ್ಮಿಂದ ಆಚೆಗೆ ಸ್ವಲ್ಪ ಉರುಳಿಸಿ ಮತ್ತೆ ಬಿಗಿ ಮಾಡಿ. ಕೊಯ್ದ ಸೀಳು ಆಚೆಗೆ ಹೋಗುತ್ತದೆ. ಈಗ ಆಚೆ ಕಡೆ ಹಲ್ಲಿಗೆ ಸಿಕ್ಕಲು ಅಂಚೇ ಇಲ್ಲ. ಒಳಗೆ ತೂತಾಗುವಷ್ಟು ಮಾತ್ರ ಕೊಯ್ಯಿರಿ, ಮತ್ತೆ ಉರುಳಿಸಿ. ಹೀಗೆ ಸುತ್ತ ಬನ್ನಿ. ಸೀಳು ಓರೆಯಾಗಬಾರದು ಎಂದರೆ ಮೊದಲೇ ಒಂದು ಕಾಗದದ ಪಟ್ಟಿ ಸುತ್ತಿ ಅದರ ಅಂಚಿಗೆ ಗೆರೆ ಎಳೆದುಕೊಳ್ಳಿ.

ಗೋಡೆಗೆ ಕೂತ ಪೈಪು ತಿರುಗುವುದಿಲ್ಲ, ಹಾಗಾಗಿ ಫ್ರೇಮನ್ನೇ ತಿರುಗಿಸಬೇಕು. ನೀರಿನ ವಾಲ್ವ್ ಮುಚ್ಚಿ, ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ಕೊಯ್ಯಿರಿ. ಫ್ರೇಮ್ ಗೋಡೆಗೆ ತಾಗುತ್ತಿದ್ದರೆ ಬ್ಲೇಡನ್ನು ಫ್ರೇಮಿಗೆ ಅಡ್ಡವಾಗಿ ಕೂರಿಸುವ ಸೌಲಭ್ಯ ಬಹಳಷ್ಟು ಫ್ರೇಮುಗಳಲ್ಲಿದೆ, ಅದನ್ನು ಬಳಸಿ. ಕೊನೆಗೆ ಉಳಿಯುವ ಎಳೆಯಷ್ಟು ಲೋಹವನ್ನು ಒತ್ತಿ ಕೊಯ್ಯಬೇಡಿ, ಭಾರ ಬಿಟ್ಟು ಮೆಲ್ಲಗೆ ಎಳೆದಾಡಿ.

ಬ್ಲೇಡ್ ಹಾಕುವಾಗ ಹಲ್ಲಿನ ಮುಖ ಮುಂದಕ್ಕಿರಲಿ, ವಿಂಗ್ ನಟ್ ಬಿಗಿಯಾಗಿರಲಿ. ನಿಮಿಷಕ್ಕೆ 40–50 ಎಳೆತ ಸಾಕು. ಜಾಸ್ತಿ ಆದರೆ ಬ್ಲೇಡ್ ಕಾದು ಹಲ್ಲು ಬೇಗ ಮೊಂಡಾಗುತ್ತದೆ.

ತಗಡಿಗೆ 32. ಆದರೂ 1 ಮಿ.ಮೀ. ತಗಡಿನ ಮೇಲೆ ನೆಟ್ಟಗೆ ಇಟ್ಟರೆ ಒಂದೇ ಹಲ್ಲು ಕೂರುತ್ತದೆ. ಎರಡು ಮರದ ಪಟ್ಟಿಗಳ ನಡುವೆ ಸಿಕ್ಕಿಸಿ ಮರದ ಸಮೇತ ಕೊಯ್ಯಿರಿ, ಇಲ್ಲವೇ ಬ್ಲೇಡನ್ನು ತಗಡಿಗೆ ಹತ್ತಿರ ಹತ್ತಿರ ಮಲಗಿಸಿ. ಇನ್ನೂ ತೆಳುವಾದರೆ ತಗಡಿನ ಕತ್ತರಿಯೇ ವಾಸಿ.

ಗಟ್ಟಿ ಸರಳಿನಲ್ಲಿ ತೊಂದರೆ ಉಲ್ಟಾ. 12 ಮಿ.ಮೀ. ಗ್ರಿಲ್ ಸರಳಿಗೆ 32 ಹಾಕಿದರೆ ಸುಮಾರು ಹದಿನೈದು ಹಲ್ಲು ಒಟ್ಟಿಗೆ ಕೂರುತ್ತವೆ. ಹಲ್ಲಿನ ಸಂದಿಯಲ್ಲಿ ಪುಡಿ ತುಂಬಿ ಬ್ಲೇಡ್ ಜಾರುತ್ತದೆ, ಕೊಯ್ಯುವುದಿಲ್ಲ. ಇಲ್ಲಿ 18 ಹಾಕಿ. ಅಗಲ ದಪ್ಪದ ಅಲ್ಯೂಮಿನಿಯಂ ತುಂಡಿಗಾದರೆ 14.

ನಡುವೆ ಬ್ಲೇಡ್ ಮುರಿದರೆ ಹೊಸದನ್ನು ಹಳೆ ಸೀಳಿಗೆ ಇಳಿಸಬೇಡಿ. ಹೊಸ ಬ್ಲೇಡಿನ ಹಲ್ಲುಗಳು ಎಡಬಲಕ್ಕೆ ಹೆಚ್ಚು ಬಾಗಿರುತ್ತವೆ, ಸವೆದ ಬ್ಲೇಡ್ ಕೊಯ್ದ ಸೀಳು ಕಿರಿದು. ಅದರಲ್ಲಿ ಸಿಕ್ಕಿಕೊಂಡು ಇದೂ ಮುರಿಯುತ್ತದೆ. ಎದುರು ಬದಿಯಿಂದ ಅರದಲ್ಲಿ ಒಂದು ಕಚ್ಚು ಹಾಕಿ, ಅಲ್ಲಿಂದ ಶುರು ಮಾಡಿ.