ಕೋರ್ಸ್ ಫೀಸ್ ಕಂಪನಿ ಹತ್ರ ಕೇಳೋರಿಗೆ

ಮ್ಯಾನೇಜರ್‌ಗೆ ಸುಮ್ನೆ "ಸ್ಪಾನ್ಸರ್ ಮಾಡ್ತೀರಾ ಸರ್" ಅಂತ ಕೇಳಿದ್ರೆ ನೋಡೋಣ ಅಂದ್ಬಿಟ್ಟು ಅಲ್ಲಿಗೇ ಬಿಟ್ಬಿಡ್ತಾರೆ, ಅದಕ್ಕೆ ಲೆಕ್ಕ ನೀವೇ ಹಾಕ್ಕೊಂಡು ಮೇಲ್ ಮಾಡಿ. ಉದಾಹರಣೆಗೆ ಫೀಸ್ ಜಿಎಸ್‌ಟಿ ಸೇರಿ 1 ಲಕ್ಷ ಅಂದ್ಕೊಳ್ಳಿ. 30 ಸಾವಿರ ನಂದು, 3 ತಿಂಗಳು ಸಂಬಳದಲ್ಲಿ ಹಿಡ್ಕೊಳ್ಳಿ, 70 ಸಾವಿರ ಕಂಪನಿದು, 12 ತಿಂಗಳು ಇಲ್ಲೇ ಇರ್ತೀನಿ ಅಂತ ಬರೀರಿ. ಇನ್‌ವಾಯ್ಸ್ ಕಂಪನಿ ಹೆಸರು, ಜಿಎಸ್‌ಟಿ ನಂಬರಲ್ಲೇ ಬರ್ಲಿ, ಇನ್‌ಪುಟ್ ಕ್ರೆಡಿಟ್ ಸಿಗುತ್ತಾ ಅಂತ ಅಕೌಂಟ್ಸ್‌ನೋರು ನೋಡ್ತಾರೆ.

ಎಲ್ರೂ ಎಡವೋದು ಬಾಂಡಲ್ಲಿ. "ಮಧ್ಯ ಬಿಟ್ರೆ ಪೂರ್ತಿ ವಾಪಸ್" ಅಂತಿದ್ರೆ 11ನೇ ತಿಂಗಳಲ್ಲಿ ಬಿಟ್ರೂ 70 ಸಾವಿರ ಕಟ್ಬೇಕು! ತಿಂಗಳಿಗೆ 12ರಲ್ಲಿ 1 ಭಾಗ ಕಮ್ಮಿಯಾಗ್ಬೇಕು ಅಂತ ಬರೆಸ್ಕೊಳ್ಳಿ, ಆಗ 9 ತಿಂಗಳಿಗೆ ಬಿಟ್ರೆ ಬರೀ 17,500. 12 ತಿಂಗಳು ಯಾವಾಗಿಂದ ಶುರು ಅನ್ನೋದನ್ನೂ ನೋಡಿ, ಹೆಚ್ಚಾರ್‌ನೋರು ಕೋರ್ಸ್ ಮುಗಿದ್ಮೇಲಿಂದ ಅಂತಾರೆ, 8 ತಿಂಗಳ ಕೋರ್ಸ್ ಆದ್ರೆ ಒಟ್ಟು 20 ತಿಂಗಳಾಯ್ತು ನೋಡಿ, ಅದಕ್ಕೆ ಒಪ್ಪೋದಾದ್ರೆ ನನ್ನ ಪಾಲು ಕಮ್ಮಿ ಮಾಡಿ ಅಂತ ಚೌಕಾಸಿ ಮಾಡ್ಬಹುದು. ಅವ್ರೇ ಕೆಲ್ಸದಿಂದ ತೆಗೆದ್ರೆ ವಸೂಲಿ ಇಲ್ಲ ಅನ್ನೋ ಸಾಲೂ ಇರ್ಲಿ, ಬಾಯಿಮಾತಿಗೆ ಒಪ್ಪಿದ್ರೆ ಸಾಲಲ್ಲ.